ಒಂದು ಹಲ್ಲು ಸಾಲದು, ಎರಡು ಬೇಕು: ಗುರುತು ಸಿಗದ ಶವದ ಹುಟ್ಟಿದ ವರ್ಷ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್. ಈ ಬೇಸಿಗೆಯಲ್ಲಿ ಪಕ್ಕದ ತೋಟದ ಕೆರೆಯ ಹೂಳೆತ್ತುವಾಗ ತಲೆಬುರುಡೆ, ಕೆಳದವಡೆ, ಒಂದಷ್ಟು ಮೂಳೆಗಳು ಸಿಕ್ಕವು. ಗಂಡಸಿನದು, ವಯಸ್ಸು 30ರಿಂದ 50 ಎಂದು ವೈದ್ಯರು ಬರೆದಿದ್ದಾರಂತೆ. ನಮ್ಮ ಚಿಕ್ಕಪ್ಪ 2012ರಿಂದ ಕಾಣೆಯಾಗಿದ್ದಾರೆ. ಶಾಲೆಯ ದಾಖಲೆಯಲ್ಲಿ ಅವರು ಹುಟ್ಟಿದ ದಿನ 1-6-1972. ಹಲ್ಲಿನಲ್ಲಿರುವ ಕಾರ್ಬನ್ ನೋಡಿ ಹುಟ್ಟಿದ ವರ್ಷವನ್ನೇ ಹೇಳಬಹುದು ಎಂದು ಓದಿದೆ. ನಿಜವೇ? ಇದು ನಮ್ಮಲ್ಲಿ ಆಗುವ ಕೆಲಸವೇ?

ಉತ್ತರ: ನಿಜ. ಮೂಳೆ ನೋಡಿ ಹೇಳುವ ವಯಸ್ಸಿಗೆ ಇಪ್ಪತ್ತು ವರ್ಷದ ಅಂತರ ಬರುವುದು ಸಾಮಾನ್ಯ. ಬುರುಡೆ, ದವಡೆ ಮಾತ್ರ ಕೈಯಲ್ಲಿದ್ದು ಸೊಂಟದ ಮೂಳೆ ಇಲ್ಲದಿದ್ದರಂತೂ ಯಾವ ವೈದ್ಯರೂ ಅದಕ್ಕಿಂತ ಹತ್ತಿರಕ್ಕೆ ಬರಲಾರರು. ಹಲ್ಲಿನಲ್ಲಿರುವ ಕಾರ್ಬನ್-14, ಅಂದರೆ ಕಾರ್ಬನ್‌ನ ಒಂದು ವಿಕಿರಣಶೀಲ ಬಗೆ, ಅದೇ ಅಂತರವನ್ನು ನಾಲ್ಕೈದು ವರ್ಷಕ್ಕೆ ಇಳಿಸುತ್ತದೆ. ಆದರೆ ಅದು ಹೇಳುವುದು ಹುಟ್ಟಿದ ವರ್ಷವನ್ನೇ ಹೊರತು ಯಾರು ಎಂಬುದನ್ನಲ್ಲ. ಹೀಗಾಗಿ ನಿಮ್ಮ ಮನೆಯವರ ವಿಷಯದಲ್ಲಿ ಮೊದಲು ಕೇಳಬೇಕಾದ ಪರೀಕ್ಷೆ ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

1955ರಿಂದ 1963ರವರೆಗೆ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಬಯಲಿನಲ್ಲಿ, ಆಕಾಶದಲ್ಲಿ ಒಂದರ ಹಿಂದೊಂದು ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದವು. ಆ ಸ್ಫೋಟಗಳಿಂದ ಚಿಮ್ಮಿದ ನ್ಯೂಟ್ರಾನ್‌ಗಳು ಗಾಳಿಯ ನೈಟ್ರೋಜನ್‌ಗೆ ಬಡಿದು ಕಾರ್ಬನ್-14 ಹುಟ್ಟಿತು. ಉತ್ತರ ಗೋಳಾರ್ಧದ ಗಾಳಿಯಲ್ಲಿ ಅದರ ಪ್ರಮಾಣ 1963-64ರ ಹೊತ್ತಿಗೆ ಮೊದಲಿದ್ದುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಾಯಿತು. 1963ರಲ್ಲಿ ಮಾಸ್ಕೋದಲ್ಲಿ ಒಪ್ಪಂದವಾಗಿ ಈ ಮೂರು ದೇಶಗಳು ಪರೀಕ್ಷೆಗಳನ್ನು ನೆಲದಡಿಗೆ ಒಯ್ದವು. ಅಲ್ಲಿಂದ ಈ ಪ್ರಮಾಣ ಪ್ರತಿ ವರ್ಷ ಇಳಿಯುತ್ತಲೇ ಬಂದಿದೆ. ಕಾರ್ಬನ್-14 ತಾನಾಗಿ ಕ್ಷಯಿಸಿ ಹೀಗೆ ಇಳಿಯುತ್ತಿಲ್ಲ. ಅದರ ಅರ್ಧಾಯುಷ್ಯ 5730 ವರ್ಷ, ಅರವತ್ತು ವರ್ಷದಲ್ಲಿ ಅದು ಕಳೆದುಕೊಳ್ಳುವುದು ಲೆಕ್ಕಕ್ಕೇ ಬಾರದಷ್ಟು. ಸಮುದ್ರಗಳೂ ಕಾಡುಗಳೂ ಅದನ್ನು ಹೀರಿಕೊಂಡವು, ಕಲ್ಲಿದ್ದಲು ಮತ್ತು ಪೆಟ್ರೋಲಿನ ಹೊಗೆಯಲ್ಲಿರುವ ಹಳೆಯ ಕಾರ್ಬನ್ ಬೆರೆತು ಉಳಿದದ್ದು ತೆಳುವಾಯಿತು. ಪೋಖ್ರಾನ್‌ನಲ್ಲಿ 1974 ಮತ್ತು 1998ರಲ್ಲಿ ನಡೆದ ಪರೀಕ್ಷೆಗಳಿಂದ ವ್ಯತ್ಯಾಸವಾಗಲಿಲ್ಲವೇ ಎಂದು ಹಲವರು ಕೇಳುತ್ತಾರೆ. ಅವು ನೆಲದಡಿಯಲ್ಲಿ ನಡೆದವು, ಈ ಲೆಕ್ಕಕ್ಕೆ ಬರುವುದಿಲ್ಲ.

ಗಾಳಿಯ ಕಾರ್ಬನ್ ಬೆಳೆಗೆ, ಬೆಳೆಯಿಂದ ಊಟಕ್ಕೆ, ಊಟದಿಂದ ಮೈಗೆ ಬರುತ್ತದೆ. ರಕ್ತ, ಚರ್ಮ, ಮೂಳೆ ಎಲ್ಲವೂ ಬದುಕಿರುವಷ್ಟು ದಿನ ಹಳೆಯದನ್ನು ಬಿಟ್ಟು ಹೊಸ ಕಾರ್ಬನ್ ತುಂಬಿಕೊಳ್ಳುತ್ತಿರುತ್ತವೆ. ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಅಂದರೆ ಎನಾಮೆಲ್, ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವಷ್ಟರಲ್ಲಿ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಆಮೇಲೆ ಎನಾಮೆಲ್ ಸವೆಯಬಹುದು, ಹುಳುಕಾಗಬಹುದು, ಹೊಸದಾಗಿ ಮಾತ್ರ ಬೆಳೆಯುವುದಿಲ್ಲ. ಅದು ಕಟ್ಟಿದ ವರ್ಷಗಳ ಗಾಳಿಯ ಕಾರ್ಬನ್-14 ಮಟ್ಟ ಹಾಗೆಯೇ ಅದರೊಳಗೆ ಉಳಿದಿರುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್, ಯೋನಾಸ್ ಫ್ರಿಸೆನ್ ಮತ್ತು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ ಬ್ರೂಸ್ ಬುಕ್‌ಹೋಲ್ಟ್ಸ್ ಮೊದಲಾದವರು 2005ರಲ್ಲಿ ಇದನ್ನು ವಯಸ್ಸು ತಿಳಿದಿದ್ದವರ ಹಲ್ಲುಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಅವರ ಸರಾಸರಿ ತಪ್ಪು ಸುಮಾರು ಒಂದೂವರೆ ವರ್ಷ.

ಪ್ರಯೋಗಾಲಯದಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕೊಡಬಹುದಾದ ಅರ್ಜಿಗೆ ಅದು ಬೇಕಾಗುತ್ತದೆ. ಹಲ್ಲನ್ನು ಕುತ್ತಿಗೆಯ ಹತ್ತಿರ ಕತ್ತರಿಸಿ ಮೇಲಿನ ಕಿರೀಟವನ್ನು ಬೇರಿನಿಂದ ಬೇರ್ಪಡಿಸುತ್ತಾರೆ. ಕಿರೀಟವನ್ನು ಗಾಢ ಕಾಸ್ಟಿಕ್ ಸೋಡಾ ದ್ರಾವಣದಲ್ಲಿಟ್ಟು, ದ್ರಾವಣವನ್ನು ಬದಲಿಸುತ್ತಾ ಕೆಲವು ದಿನ ಅಲ್ಟ್ರಾಸೌಂಡ್ ಕಂಪನ ಕೊಡುತ್ತಾರೆ. ಒಳಗಿನ ಮೃದುವಾದ ಡೆಂಟಿನ್ ಕಳಚಿ ಎನಾಮೆಲ್ ಚೂರುಗಳು ಮಾತ್ರ ಉಳಿಯುತ್ತವೆ. ಅವುಗಳ ಹೊರಮೈಯನ್ನು ತೆಳು ಆಮ್ಲದಲ್ಲಿ ತೊಳೆದು, ಗಾಳಿ ತೆಗೆದ ಕೊಳವೆಯಲ್ಲಿ ಫಾಸ್ಫಾರಿಕ್ ಆಮ್ಲದೊಂದಿಗೆ ಬಿಸಿ ಮಾಡಿದರೆ ಎನಾಮೆಲ್‌ನ ಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಆ ಅನಿಲವನ್ನು ಕಬ್ಬಿಣದ ಪುಡಿಯ ಮೇಲೆ ಗ್ರಾಫೈಟ್ ಆಗಿ ಇಳಿಸಿ, ವೇಗವರ್ಧಕ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ದೊಡ್ಡ ಯಂತ್ರದಲ್ಲಿ ಕಾರ್ಬನ್-14ರ ಪರಮಾಣುಗಳನ್ನು ಎಣಿಸುತ್ತಾರೆ. ಎನಾಮೆಲ್‌ನ ತೂಕದಲ್ಲಿ ಕಾರ್ಬನ್ ಇರುವುದು ನೂರಕ್ಕೆ 0.4ರಷ್ಟು. ಅಂದರೆ 100 ಮಿಲಿಗ್ರಾಂ ಎನಾಮೆಲ್‌ನಿಂದ 0.4 ಮಿಲಿಗ್ರಾಂ ಕಾರ್ಬನ್ ಸಿಗುತ್ತದೆ, ಈ ಯಂತ್ರಕ್ಕೆ ಅಷ್ಟು ಸಾಕು. ವರದಿಯಲ್ಲಿ ಫಲಿತಾಂಶ `F14C` ಎಂಬ ಹೆಸರಿನಲ್ಲಿ ಬರುತ್ತದೆ. ಬಾಂಬ್ ಪರೀಕ್ಷೆಗಳಿಗೆ ಮುಂಚಿನ ಮಟ್ಟವನ್ನು 1 ಎಂದು ಇಟ್ಟುಕೊಂಡ ಅಳತೆ ಅದು.

ಈಗ ಮುಖ್ಯ ವಿಷಯ. ಗಾಳಿಯ ಮಟ್ಟ ಮೊದಲು ಏರಿ ಆಮೇಲೆ ಇಳಿದಿದೆ. ಹೀಗಾಗಿ 1ಕ್ಕಿಂತ ಹೆಚ್ಚಿನ ಯಾವುದೇ ಅಂಕಿ ಎರಡು ಕಾಲಕ್ಕೆ ಹೊಂದುತ್ತದೆ, ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ. ಒಂದೇ ಹಲ್ಲಿನ ಎನಾಮೆಲ್ ಅನ್ನು ಒಟ್ಟಾಗಿ ಅಳೆದರೆ ಎರಡು ಹುಟ್ಟಿದ ವರ್ಷಗಳು ಸಿಗುತ್ತವೆ, ಯಾವುದು ಸರಿ ಎಂದು ಆ ಅಂಕಿಯೇ ಹೇಳುವುದಿಲ್ಲ. ಬೇರೆ ಬೇರೆ ವಯಸ್ಸಿನಲ್ಲಿ ಕಟ್ಟಿದ ಎರಡು ಹಲ್ಲು ಅಳೆದರೆ ಉತ್ತರ ಒಂದೇ ಉಳಿಯುತ್ತದೆ. ಮೊದಲನೆಯ ದವಡೆಹಲ್ಲಿನ ಎನಾಮೆಲ್ ಹುಟ್ಟುವ ಹೊತ್ತಿಗೆ ಶುರುವಾಗಿ ಸುಮಾರು 3ನೇ ವರ್ಷಕ್ಕೆ ಮುಗಿಯುತ್ತದೆ. ಎರಡನೆಯದು ಮುಗಿಯುವುದು 7-8ಕ್ಕೆ. ಕೊನೆಯದಾದ ಬುದ್ಧಿಹಲ್ಲಿನದು 12ರಿಂದ 16ರ ನಡುವೆ, ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ.

ನಿಮ್ಮ ಪ್ರಕರಣದಲ್ಲಿ ಫಲಿತಾಂಶ ಇನ್ನೂ ಇಲ್ಲ, ಆದ್ದರಿಂದ ಒಂದು ಊಹೆಯ ಫಲಿತಾಂಶ ಇಟ್ಟುಕೊಂಡು ಲೆಕ್ಕ ನಡೆಸೋಣ. ಕೆಳದವಡೆಯ ಮೊದಲ ದವಡೆಹಲ್ಲಿನ ಅಳತೆ 1.42 ಬಂತು ಎನ್ನಿ. ಇಳಿಜಾರಿನಲ್ಲಿ ಇದು ಸುಮಾರು 1973ರ ಗಾಳಿ. ಎನಾಮೆಲ್ ಮುಗಿಯುವ 3 ವರ್ಷ ಕಳೆದರೆ ಹುಟ್ಟಿದ್ದು 1970. ಏರುದಾರಿಯಲ್ಲಿ ಅದೇ 1.42 ಸುಮಾರು 1962ರದು. ಆಗ ಹುಟ್ಟಿದ್ದು 1959. 2012ರಲ್ಲಿ ತೀರಿಕೊಂಡಿದ್ದರೆ ಮೊದಲನೆಯವರಿಗೆ 42 ವರ್ಷ, ಎರಡನೆಯವರಿಗೆ 53. ವೈದ್ಯರು ಬರೆದ 30ರಿಂದ 50 ಎಂಬ ಅಂದಾಜನ್ನು ಹಿಡಿದುಕೊಂಡು 53ರವರನ್ನು ಧೈರ್ಯವಾಗಿ ತಳ್ಳಿಹಾಕಲು ಆಗದು. ಬುರುಡೆಯ ಅಂದಾಜು ಮೂರು ವರ್ಷ ಆಚೆಗೆ ತಪ್ಪುವುದು ದೊಡ್ಡದೇನಲ್ಲ.

ಈಗ ಅದೇ ದವಡೆಯ ಬುದ್ಧಿಹಲ್ಲನ್ನೂ ಅಳೆದಾಗ 1.22 ಬಂತು ಎನ್ನಿ. ಆ ಮನುಷ್ಯ 1959ರಲ್ಲಿ ಹುಟ್ಟಿದ್ದರೆ ಬುದ್ಧಿಹಲ್ಲಿನ ಎನಾಮೆಲ್ ಮುಗಿಯಬೇಕಾದದ್ದು, 13ನೇ ವಯಸ್ಸಿಗೆ ಎಂದು ಹಿಡಿದರೆ, 1972ರ ಸುಮಾರಿಗೆ. ಆಗ ಗಾಳಿಯ ಮಟ್ಟ 1.47ರಷ್ಟಿತ್ತು, ಅಂದರೆ ಬುದ್ಧಿಹಲ್ಲಿನ ಅಂಕಿ ಮೊದಲ ದವಡೆಹಲ್ಲಿಗಿಂತ ಹೆಚ್ಚಿರಬೇಕಿತ್ತು. ಸಿಕ್ಕಿದ್ದು ಕಡಿಮೆ. ಹಾಗಾದರೆ 1959 ಬಿದ್ದುಹೋಯಿತು. ಇಳಿಜಾರಿನಲ್ಲಿ 1.22 ಎಂದರೆ 1983-84, ಅದರಲ್ಲಿ 13 ಕಳೆದರೆ 1970-71. ಎರಡು ಹಲ್ಲುಗಳೂ ಒಂದೇ ಕಡೆಗೆ ಬೆರಳು ತೋರಿಸಿದವು. ಬುದ್ಧಿಹಲ್ಲನ್ನು ಮೊದಲಿಗೆ ನಂಬಿ ವರ್ಷ ಹೇಳಬಾರದು, ಅದು ಕಟ್ಟುವ ವಯಸ್ಸೇ ಹಿಂದೆಮುಂದೆ ಆಗುವುದರಿಂದ. ಯಾವ ದಾರಿ ಎಂದು ತೀರ್ಮಾನಿಸಲು ಅದು, ವರ್ಷ ಹೇಳಲು ಮೊದಲ ದವಡೆಹಲ್ಲು. ವರದಿಯಲ್ಲಿ ನಾನಾದರೆ '1970, ಎರಡು ವರ್ಷ ಹಿಂದೆ ಅಥವಾ ಮುಂದೆ' ಎಂದು ಬರೆಯುತ್ತೇನೆ.

ಬುದ್ಧಿಹಲ್ಲು ಎಲ್ಲರಿಗೂ ಬಂದಿರುವುದಿಲ್ಲ. ವಸಡಿನೊಳಗೇ ಸಿಕ್ಕಿಕೊಂಡಿದ್ದರೆ ಚಿಂತೆಯಿಲ್ಲ, ಅದು ಇನ್ನೂ ಒಳ್ಳೆಯ ಮಾದರಿ, ಸವೆತವೇ ಇರುವುದಿಲ್ಲ. ದವಡೆಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಎರಡನೆಯ ದವಡೆಹಲ್ಲು ಆ ಕೆಲಸ ಮಾಡುತ್ತದೆ. ಒಂದೇ ಹಲ್ಲು ಉಳಿದಿದ್ದರೂ ದಾರಿಯಿದೆ: ಎನಾಮೆಲ್ ಮೇಲ್ತುದಿಯಿಂದ ಕುತ್ತಿಗೆಯ ಕಡೆಗೆ ಕಟ್ಟುತ್ತಾ ಬರುವುದರಿಂದ ಮೇಲಿನ ಚೂರು ಮತ್ತು ಕೆಳಗಿನ ಚೂರನ್ನು ಬೇರೆ ಬೇರೆ ಅಳೆದು ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬಹುದು. ಕೆರೆಯ ಹೂಳಿನಲ್ಲಿ ಸಿಕ್ಕ ದವಡೆಗಳಲ್ಲಿ ಒಂದೇ ಬೇರಿನ ಮುಂದಿನ ಹಲ್ಲುಗಳು ಉದುರಿಹೋಗಿ, ಎರಡು ಮೂರು ಬೇರಿನ ದವಡೆಹಲ್ಲುಗಳು ಉಳಿದಿರುವುದೇ ಹೆಚ್ಚು. ಈ ಪರೀಕ್ಷೆಗೆ ಬೇಕಾದ್ದೂ ಅವೇ. ಆದರೆ ದವಡೆಯಲ್ಲೇ ಕೂತಿರುವ ಹಲ್ಲನ್ನೇ ಆರಿಸಬೇಕು. ಹೂಳಿನಲ್ಲಿ ಬಿಡಿಯಾಗಿ ಸಿಕ್ಕ ಹಲ್ಲು ಅದೇ ಮನುಷ್ಯನದು ಎಂದು ಯಾರು ಹೇಳಬೇಕು?

ಇನ್ನು ಶಾಲೆಯ ದಾಖಲೆ. ನಮ್ಮ ಹಳ್ಳಿಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ಎಷ್ಟೋ ಜನರ ಜನ್ಮದಿನ ಜೂನ್ ತಿಂಗಳ ಆರಂಭದ್ದೇ. ಮಗುವನ್ನು ಸೇರಿಸಲು ಹೋದ ದಿನ ಮೇಷ್ಟರು ಅಂದಾಜಿನಲ್ಲಿ ಬರೆದುಕೊಂಡದ್ದು ಅದು. ಒಂದನೇ ತರಗತಿಗೆ ವಯಸ್ಸು ಸಾಲದೆಂದು ಏರಿಸಿದ್ದೂ ಉಂಟು, ಮುಂದೆ ಕೆಲಸಕ್ಕೆ ಅನುಕೂಲವಾಗಲಿ ಎಂದು ಇಳಿಸಿದ್ದೂ ಉಂಟು. ಆಮೇಲೆ ಮತದಾರರ ಚೀಟಿಗೂ ಆಧಾರ್‌ಗೂ ಅದೇ ದಿನಾಂಕ ಹೋಗಿರುತ್ತದೆ, ಮೂರು ಕಾಗದಗಳು ಒಂದೇ ಹೇಳುತ್ತವೆ ಎಂದರೂ ಮೂಲ ಒಂದೇ. ಹೀಗಾಗಿ ಮೇಲಿನ ಊಹೆಯ ಫಲಿತಾಂಶವೇ ನಿಜವಾಗಿ ಬಂದರೆ, ದಾಖಲೆಯಲ್ಲಿ 1972 ಇದೆ, ಹಲ್ಲು 1970 ಎನ್ನುತ್ತದೆ, ಇದು ಚಿಕ್ಕಪ್ಪನವರದಲ್ಲ ಎಂದು ಯಾರಾದರೂ ಕಡತ ಮುಚ್ಚಿದರೆ ಅದು ತಪ್ಪು. ಮನೆಯ ಹಿರಿಯರನ್ನು ಕೇಳಿ. ಅವರು ಹುಟ್ಟಿದ್ದು ಯಾರ ಮದುವೆಯ ವರ್ಷ, ನಿಮ್ಮ ತಂದೆಗೂ ಅವರಿಗೂ ಎಷ್ಟು ವರ್ಷದ ಅಂತರ, ನಡುವೆ ಎಷ್ಟು ಹೆರಿಗೆಯಾಯಿತು, ಇದನ್ನೆಲ್ಲ ಬರೆದು ತನಿಖಾಧಿಕಾರಿಗೆ ಕೊಡಿ. ಅಜ್ಜಿಯ ನೆನಪು ಶಾಲೆಯ ರಿಜಿಸ್ಟರಿಗಿಂತ ಹಲ್ಲಿಗೆ ಹತ್ತಿರವಿರುವ ಸಾಧ್ಯತೆ ಹೆಚ್ಚು.

ಬದಲಿಗೆ ಮೊದಲ ದವಡೆಹಲ್ಲು 1.21, ಬುದ್ಧಿಹಲ್ಲು 1.12 ಎಂದು ಬಂದರೆ? 1984ರಲ್ಲಿ 3 ಕಳೆದರೆ 1981, 1994ರಲ್ಲಿ 13 ಕಳೆದರೂ 1981. ಯಾವ ಮೇಷ್ಟರೂ ಒಂಬತ್ತು ವರ್ಷ ತಪ್ಪು ಬರೆಯುವುದಿಲ್ಲ. ಆಗ ಅದು ನಿಮ್ಮ ಚಿಕ್ಕಪ್ಪನವರಲ್ಲ ಎಂದು ನಿಶ್ಚಯವಾಗಿ ಹೇಳಬಹುದು. ಈ ಪರೀಕ್ಷೆ 'ಇವರೇ' ಎನ್ನುವುದಕ್ಕಿಂತ 'ಇವರಲ್ಲ' ಎನ್ನುವುದರಲ್ಲಿ ಗಟ್ಟಿ.

ಅಂಕಿಯನ್ನು ತಪ್ಪಿಸುವ ಕೆಲವು ಕಾರಣಗಳು ನಿಮ್ಮ ಭಾಗಕ್ಕೆ ಸಂಬಂಧಿಸಿದವು. ಮೊದಲನೆಯದು ಊಟ. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಉಣ್ಣುತ್ತಿದ್ದ ಮನೆಯ ಮಗುವಿನ ಹಲ್ಲಿಗೆ ಸೇರುವುದು ಬೆಳೆ ಬೆಳೆದ ವರ್ಷದ ಕಾರ್ಬನ್. ಇಳಿಜಾರಿನ ಕಾಲದಲ್ಲಿ ಹಳೆಯ ಬೆಳೆ ಎಂದರೆ ಹೆಚ್ಚಿನ ಅಂಕಿ, ಆದ್ದರಿಂದ ಮನುಷ್ಯ ನಿಜಕ್ಕಿಂತ ಒಂದೆರಡು ವರ್ಷ ಮೊದಲೇ ಹುಟ್ಟಿದಂತೆ ಕಾಣುತ್ತದೆ. ಮೀನಿನದು ತದ್ವಿರುದ್ಧ. ಸಮುದ್ರದ ನೀರಿನಲ್ಲಿ ಬಾಂಬ್ ಕಾರ್ಬನ್ ಗಾಳಿಯಷ್ಟು ಏರಲಿಲ್ಲ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಯನ್ನು ವಾರಕ್ಕೊಮ್ಮೆ ತಿನ್ನುವುದರಿಂದ ದೊಡ್ಡ ವ್ಯತ್ಯಾಸವಾಗದು, ಆದರೆ ಕರಾವಳಿಯಲ್ಲಿ ದಿನವೂ ಮೀನೂಟದಲ್ಲಿ ಬೆಳೆದವರ ಅಂಕಿ ಕೆಳಗಿಳಿದು, ಇಳಿಜಾರಿನ ಕಾಲದಲ್ಲಿ ಅವರು ನಿಜಕ್ಕಿಂತ ಚಿಕ್ಕವರಂತೆ ಕಾಣುತ್ತಾರೆ. ಮಗು ಎಲ್ಲಿ ಬೆಳೆಯಿತು ಎನ್ನುವುದು ಲೆಕ್ಕಕ್ಕೆ ಬರುತ್ತದೆಯೇ ಹೊರತು ಶವ ಎಲ್ಲಿ ಸಿಕ್ಕಿತು ಎನ್ನುವುದಲ್ಲ. ತೋಟಗಳಿಗೆ ಅಸ್ಸಾಂ, ಒಡಿಶಾ, ತಮಿಳುನಾಡಿನಿಂದ ಕೆಲಸಕ್ಕೆ ಬಂದವರೂ ಇರುವ ಪ್ರದೇಶದಲ್ಲಿ ಇದನ್ನು ಮರೆಯಬಾರದು. 1960ರ ದಶಕದ ಮಧ್ಯಭಾಗದಲ್ಲಿ ಭೂಮಧ್ಯರೇಖೆಯ ಹತ್ತಿರಕ್ಕೂ ಯುರೋಪಿನಂಥ ಉತ್ತರದ ದೇಶಗಳಿಗೂ ಗಾಳಿಯ ಮಟ್ಟದಲ್ಲಿ ಸಾಕಷ್ಟು ಅಂತರವಿತ್ತು, 1970ರ ನಂತರ ಅದು ಬಹಳ ಕಡಿಮೆಯಾಯಿತು. 1972ರ ಸುಮಾರಿಗೆ ಹುಟ್ಟಿದವರ ಮಟ್ಟಿಗೆ ಆ ತೊಂದರೆ ಹೆಚ್ಚಿಲ್ಲ.

ಎರಡನೆಯದು ಹಲ್ಲಿನ ಸ್ಥಿತಿ. ಎಲೆಅಡಿಕೆ ಹಾಕುತ್ತಿದ್ದವರ ಹಲ್ಲಿನ ಮೇಲೆ ದಪ್ಪಗೆ ಕೂತ ಪಾಚಿಗಲ್ಲು ಎನಾಮೆಲ್ ಅಲ್ಲ, ಅದು ದೊಡ್ಡವರಾದ ಮೇಲೆ ಕೂತದ್ದು, ಅದರಲ್ಲಿರುವುದು ಆ ಕಾಲದ ಕಾರ್ಬನ್. ಅದನ್ನು ಪೂರ್ತಿ ಕೆರೆದು ತೆಗೆಯದೆ ಅಳೆದರೆ ವರ್ಷ ಮುಂದಕ್ಕೆ ಜಾರುತ್ತದೆ. ಹಲ್ಲಿಗೆ ತುಂಬಿಸಿದ ಬಿಳಿ ರೆಸಿನ್ ಇನ್ನೂ ಕೆಟ್ಟದ್ದು, ಅದು ಪೆಟ್ರೋಲಿಯಂ ಮೂಲದ್ದಾದ್ದರಿಂದ ಕಾರ್ಬನ್-14 ಇಲ್ಲವೇ ಇಲ್ಲ. ಬೆಳ್ಳಿ ಬಣ್ಣದ ಹಳೆಯ ತುಂಬುವಿಕೆಯಲ್ಲಿ ಕಾರ್ಬನ್ ಇರುವುದಿಲ್ಲ, ಆದರೂ ಆ ಹಲ್ಲನ್ನು ಬಿಟ್ಟು ಪಕ್ಕದ್ದು ತೆಗೆದುಕೊಳ್ಳುವುದು ಒಳ್ಳೆಯದು. ಕೆರೆಯ ನೀರಿನಲ್ಲಿ ಹತ್ತು ವರ್ಷ ಬಿದ್ದಿದ್ದರಿಂದ ಎನಾಮೆಲ್‌ನ ಒಳಭಾಗ ಕೆಡುವುದಿಲ್ಲ, ಹೊರಪದರವನ್ನು ಹೇಗೂ ಆಮ್ಲದಲ್ಲಿ ತೆಗೆಯುತ್ತಾರೆ. ಬೆಂಕಿಯಲ್ಲಿ ಸುಟ್ಟ ಹಲ್ಲಾಗಿದ್ದರೆ ಮಾತ್ರ ನಾನು ಈ ಪರೀಕ್ಷೆಯ ಫಲಿತಾಂಶವನ್ನು ನಂಬುವುದಿಲ್ಲ. ಹೆಚ್ಚಿನ ಕಾವಿನಲ್ಲಿ ಕಾರ್ಬೊನೇಟ್ ಹೊರಹೋಗುತ್ತದೆ, ಉರಿಯುವ ಕಟ್ಟಿಗೆಯ ಕಾರ್ಬನ್ ಒಳಬರುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಎರಡೂ ಹಲ್ಲುಗಳ ಅಂಕಿ 1ರ ಸುತ್ತಮುತ್ತ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬಂದರೆ, ಆ ಹಲ್ಲುಗಳು ಬಾಂಬ್ ಪರೀಕ್ಷೆಗಳಿಗೆ ಮುಂಚೆಯೇ ಕಟ್ಟಿದವು. ಬುದ್ಧಿಹಲ್ಲೂ ಹಾಗಿದ್ದರೆ ಆ ಮನುಷ್ಯ 1940ರ ದಶಕದ ಆರಂಭಕ್ಕಿಂತ ಮೊದಲು ಹುಟ್ಟಿದವರು, ಎಷ್ಟು ಮೊದಲು ಎಂದು ಈ ವಿಧಾನ ಹೇಳಲಾರದು. ಹಳೆಯ ಸ್ಮಶಾನದ ಮಣ್ಣು ಕೊಚ್ಚಿಕೊಂಡು ಕೆರೆಗೆ ಬಂದಿರುವ ಸಾಧ್ಯತೆಯನ್ನು ಪೊಲೀಸರು ಆಗ ನೋಡಬೇಕಾಗುತ್ತದೆ. ಇತ್ತೀಚೆಗೆ ಗಾಳಿಯ ಮಟ್ಟವೂ 1ರ ಹತ್ತಿರಕ್ಕೆ ಇಳಿದಿದೆ, ಆದರೆ ಇತ್ತೀಚಿನ ಎನಾಮೆಲ್ ಎಂದರೆ ಸಣ್ಣ ಮಗುವಿನ ಹಲ್ಲು. ಬೆಳೆದ ಗಂಡಸಿನ ದವಡೆಯಲ್ಲಿ ಆ ಗೊಂದಲ ಇಲ್ಲ.

ಆರಂಭದಲ್ಲಿ ಹೇಳಿದ ಬೇರೆ ಪರೀಕ್ಷೆ ಡಿಎನ್‌ಎ. ಕಾಣೆಯಾದವರು ಯಾರು ಎಂಬ ಊಹೆಯೇ ಇಲ್ಲದಿದ್ದಾಗ, ರಾಜ್ಯದ ಕಾಣೆಯಾದವರ ಪಟ್ಟಿಯನ್ನು ಕಿರಿದು ಮಾಡಲು ಕಾರ್ಬನ್-14 ಬೇಕು. ನಿಮ್ಮಲ್ಲಿ ಒಂದು ಹೆಸರಿದೆ, ರಕ್ತಸಂಬಂಧಿಗಳಿದ್ದಾರೆ. ನಿಮ್ಮ ತಂದೆ ಇದ್ದರೆ ಅವರ ರಕ್ತ, ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು, ಚಿಕ್ಕಪ್ಪನವರ ಮಕ್ಕಳಿದ್ದರೆ ಅವರದು. ಇವುಗಳೊಂದಿಗೆ ಹಲ್ಲಿನ ಡಿಎನ್‌ಎ ಹೋಲಿಸುವುದೇ ಮೊದಲ ಹೆಜ್ಜೆ, ಖರ್ಚೂ ಕಡಿಮೆ. ನಿಮ್ಮೊಬ್ಬರ ಮಾದರಿ ಮಾತ್ರ ಇದ್ದರೆ ಗಂಡು ಸಂತತಿಯಲ್ಲಿ ಸಾಗಿಬರುವ ವೈ ವರ್ಣತಂತುವನ್ನು ಹೋಲಿಸಬಹುದು. ಅದು ಹೊಂದಿದರೂ ನಿಮ್ಮ ತಂದೆಯ ಕಡೆಯ ಯಾವುದೋ ಗಂಡಸು ಎಂದಷ್ಟೇ ತಿಳಿಯುತ್ತದೆ, ಚಿಕ್ಕಪ್ಪನೋ ದೊಡ್ಡಪ್ಪನ ಮಗನೋ ಎಂದು ತಿಳಿಯದು. ಹಲ್ಲಿನ ಹುಟ್ಟಿದ ವರ್ಷ ಅಂಥ ಕಡೆ ತೀರ್ಮಾನ ಕೊಡುತ್ತದೆ. ನೀರಿನಲ್ಲಿ ನೆನೆದ ಮೂಳೆಯಿಂದ ಡಿಎನ್‌ಎ ಸಿಗದೇ ಹೋದರೂ ಎನಾಮೆಲ್ ಉಳಿದಿರುತ್ತದೆ.

ಎರಡು ಪರೀಕ್ಷೆಗಳಿಗೆ ಬೇರೆ ಬೇರೆ ಹಲ್ಲು ಕಳೆದುಕೊಳ್ಳಬೇಕಾಗಿಲ್ಲ. ಕಿರೀಟದ ಎನಾಮೆಲ್ ಕಾರ್ಬನ್‌ಗೆ, ಬೇರು ಮತ್ತು ಒಳಗಿನ ತಿರುಳಿನ ಜಾಗ ಡಿಎನ್‌ಎಗೆ. ಕತ್ತರಿಸುವ ಮೊದಲು ಎಕ್ಸ್‌ರೇ, ಫೋಟೋ, ಅಳತೆ ಎಲ್ಲ ಆಗಿರಬೇಕು, ಏಕೆಂದರೆ ಕಿರೀಟ ಮತ್ತೆ ಸಿಗುವುದಿಲ್ಲ. ಬುರುಡೆ ಶುಚಿ ಮಾಡುವ ನೆಪದಲ್ಲಿ ದವಡೆಯನ್ನು ನೀರಿನಲ್ಲಿ ಕುದಿಸಬಾರದು, ಡಿಎನ್‌ಎ ಹಾಳಾಗುತ್ತದೆ.

ನಮ್ಮಲ್ಲಿ ಆಗುತ್ತದೆಯೇ ಎಂದು ಕೇಳಿದ್ದೀರಿ. ಕಾರ್ಬನ್-14 ಎಣಿಸುವ ಯಂತ್ರಗಳು ದೇಶದಲ್ಲಿ ಬೆರಳೆಣಿಕೆಯಷ್ಟಿವೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಅವುಗಳಲ್ಲಿ ಎರಡು. ಅಲ್ಲಿ ಹೆಚ್ಚಾಗಿ ನಡೆಯುವುದು ಪುರಾತತ್ವ ಮತ್ತು ಭೂವಿಜ್ಞಾನದ ಕೆಲಸ, ಅಪರಿಚಿತ ಶವದ ಹಲ್ಲು ದಿನನಿತ್ಯದ ಮಾದರಿಯಲ್ಲ. ಮನೆಯವರು ತಾವಾಗಿ ಹಲ್ಲು ಕಳಿಸಲು ಬರುವುದಿಲ್ಲ. ಅಸ್ವಾಭಾವಿಕ ಮರಣದ ಪ್ರಕರಣ ದಾಖಲಾಗಿರುವ ಠಾಣೆಯ ತನಿಖಾಧಿಕಾರಿಯೇ ಮಹಜರು ಮಾಡಿ, ಮೊಹರು ಹಾಕಿ ಕಳಿಸಬೇಕು. ನೀವು ಮಾಡಬಹುದಾದದ್ದು ಲಿಖಿತ ಅರ್ಜಿ. ಚಿಕ್ಕಪ್ಪನವರು ಕಾಣೆಯಾದ ದೂರಿನ ಸಂಖ್ಯೆ ಹಾಕಿ, ಮೊದಲು ಡಿಎನ್‌ಎ ಹೋಲಿಕೆಗೆ ನಿಮ್ಮ ಮನೆಯವರ ಒಪ್ಪಿಗೆ ಕೊಡಿ. ಅದರ ಫಲಿತಾಂಶ ಬರುವವರೆಗೆ ಅಸ್ಥಿಗಳನ್ನು ಹೂಳಬಾರದು, ಕೆಳದವಡೆಯ ಮೊದಲ ಮತ್ತು ಮೂರನೆಯ ದವಡೆಹಲ್ಲಿನ ಕಿರೀಟಗಳನ್ನು ಕಾಯ್ದಿಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಮುಂದೆ ಕಾರ್ಬನ್ ವರದಿ ಬಂದರೆ ಅದರಲ್ಲಿ ಯಾವ ಹಲ್ಲು, ಎಷ್ಟು ಮಿಲಿಗ್ರಾಂ ಎನಾಮೆಲ್, `F14C` ಮತ್ತು ಅದರ ತಪ್ಪಿನ ಅಂಚು, ಯಾವ ಪ್ರದೇಶದ ಗಾಳಿಯ ದಾಖಲೆಗೆ ಹೋಲಿಸಿದ್ದು, ಕಳೆದ ವಯಸ್ಸೆಷ್ಟು, ಇವೆಲ್ಲ ಇರಲಿ ಎಂದು ಕೇಳಿ. ಒಂದೇ ಹಲ್ಲಿನ ಒಂದೇ ಅಂಕಿಯಿಂದ ಒಂದೇ ವರ್ಷ ಹೇಳಿದ ವರದಿ ಬಂದರೆ ಎರಡನೆಯ ಹಲ್ಲಿನ ಅಳತೆ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.